ಚಾಲಿಯ ನಾಲ್ಕು ಒಂಬತ್ತರ ಮೇಲೆ ಬಂದು ನಿಂತದ್ದು: ಧಾರಣೆ ಪಟ್ಟಿಯ ಅಂಕಿಗಳ ಬಗ್ಗೆ

ಶಿರಸಿಯಲ್ಲಿ ಅಡಿಕೆಯ ದಿನದ ಧಾರಣೆ ತೋರಿಸುವ ಒಂದು ಪುಟವನ್ನು ನಾನು ಮಾಡಿಕೊಟ್ಟು ಕೆಲವು ದಿನಗಳಾಗಿದ್ದವು. ಪರಿಚಯದ ಹಿರಿಯ ಬೆಳೆಗಾರರೊಬ್ಬರು ಮೊಬೈಲನ್ನು ನನ್ನ ಮುಂದೆ ಹಿಡಿದು, "ತಮಾ, ಚಾಲಿ ದರ ಬಿಳೆಗೋಟಿಗಿಂತ ಗಿಡ್ಡ ಕಾಣ್ತಲೋ, ಒಂದು ಅಂಕಿ ಬಿಟ್ಟು ಹೋಜಾ?" ಎಂದು ಕೇಳಿದರು. ಅಂಕಿ ಬಿಟ್ಟುಹೋಗಿರಲಿಲ್ಲ, ದರ ತಪ್ಪಾಗಿಯೂ ಇರಲಿಲ್ಲ, ಕಾಲಂ ಅನ್ನು ಬಲಕ್ಕೆ ಹೊಂದಿಸಿಯೂ ಆಗಿತ್ತು. ಆದರೂ ದೊಡ್ಡ ಮೊತ್ತ ಚಿಕ್ಕ ಮೊತ್ತಕ್ಕಿಂತ ಗಿಡ್ಡವಾಗಿ ಕಾಣುತ್ತಿತ್ತು ಎಂಬ ಅವರ ಮಾತು ಮಾತ್ರ ಅಕ್ಷರಶಃ ನಿಜವಾಗಿತ್ತು.

ಅಡಿಕೆಯ ಆ ಎರಡು ಬಗೆಗಳ ಸಾಲುಗಳನ್ನು ಚಾಲಿ 41,111 ಮತ್ತು ಬಿಳೆಗೋಟು 29,899 ಎಂದಿಟ್ಟುಕೊಳ್ಳೋಣ. ಇವು ಉದಾಹರಣೆಗಾಗಿ ಬರೆದ ಅಂಕಿಗಳು, ಯಾವುದೇ ದಿನದ ಧಾರಣೆಯಲ್ಲ. ಈಗಿನ ಹಲವು ವೆಬ್ ಫಾಂಟುಗಳಲ್ಲಿ ಅಂಕಿಗಳು ಅಕ್ಷರಗಳಂತೆಯೇ ತಮ್ಮ ತಮ್ಮ ಆಕಾರಕ್ಕೆ ತಕ್ಕ ಅಗಲ ಪಡೆದಿರುತ್ತವೆ. ಒಂದು ಎಂಬ ಅಂಕಿ ತೆಳ್ಳಗಿನ ಗೀಟಾದ್ದರಿಂದ ಅದಕ್ಕೆ ಕಡಿಮೆ ಜಾಗ, ಎಂಟು ಒಂಬತ್ತುಗಳಿಗೆ ಹೆಚ್ಚು ಜಾಗ. ನಮ್ಮ ಪುಟದ ಗಾತ್ರದಲ್ಲಿ ಒಂದಕ್ಕೆ 7 ಪಿಕ್ಸೆಲ್, ಉಳಿದ ಅಂಕಿಗಳಿಗೆ 10 ಪಿಕ್ಸೆಲ್, ಅಲ್ಪವಿರಾಮಕ್ಕೆ 4 ಪಿಕ್ಸೆಲ್ ಎಂದು ಹಿಡಿದರೆ ಚಾಲಿಯ ದರ 42 ಪಿಕ್ಸೆಲ್ ಅಗಲವಾಗುತ್ತದೆ, ಬಿಳೆಗೋಟಿನದು 54 ಆಗುತ್ತದೆ. ಹನ್ನೆರಡು ಪಿಕ್ಸೆಲ್ ಎಂದರೆ ಒಂದು ಇಡೀ ಅಂಕಿಗಿಂತ ಹೆಚ್ಚಿನ ವ್ಯತ್ಯಾಸ, ಹಾಗಾಗಿ ಅಂಕಿಯೊಂದು ಬಿಟ್ಟುಹೋಗಿದೆ ಎಂದು ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಬಲ ಅಂಚಿನಿಂದ ಎಣಿಸುತ್ತ ಬಂದರೆ ತೊಂದರೆ ಇನ್ನೂ ಸ್ಪಷ್ಟವಾಗುತ್ತದೆ. ಬಿಳೆಗೋಟಿನ ಸಾವಿರದ ಸ್ಥಾನದ ಒಂಬತ್ತು ಬಲ ಅಂಚಿನಿಂದ 34ನೆಯ ಪಿಕ್ಸೆಲ್‌ನಿಂದ 44ರವರೆಗೆ ನಿಂತಿದ್ದರೆ, ಚಾಲಿಯ ಹತ್ತು ಸಾವಿರದ ಸ್ಥಾನದ ನಾಲ್ಕು 32ರಿಂದ 42ರವರೆಗೆ ನಿಂತಿರುತ್ತದೆ. ಅಂದರೆ ಒಂದು ಸಾಲಿನ ಹತ್ತು ಸಾವಿರ ಇನ್ನೊಂದು ಸಾಲಿನ ಸಾವಿರದ ನೆತ್ತಿಯ ಮೇಲೆ ಕೂತಂತೆ. ಬಲಕ್ಕೆ ಹೊಂದಿಸುವುದರಿಂದ ಸಾಲಿನ ಕೊನೆಯ ಅಂಚು ಮಾತ್ರ ಸರಿಯಾಗುತ್ತದೆಯೇ ಹೊರತು ಬಿಡಿ, ಹತ್ತು, ನೂರು, ಸಾವಿರದ ಸ್ಥಾನಗಳು ತಾವಾಗಿ ಒಂದರ ಕೆಳಗೊಂದು ಬರುವುದಿಲ್ಲ. ಕಿರ್ದಿ ಪುಸ್ತಕದಲ್ಲಿ ಗುಮಾಸ್ತರು ಗೀಟಿನ ಮನೆಗಳೊಳಗೆ ಅಂಕಿ ಕೂರಿಸುತ್ತಿದ್ದಾಗ ಈ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಅವರ ಕೈಬರಹದ ಒಂದಕ್ಕೂ ಎಂಟಕ್ಕೂ ಸಿಗುತ್ತಿದ್ದುದು ಒಂದೇ ಅಳತೆಯ ಮನೆ.

ಆ ಮನೆಗಳನ್ನು ಫಾಂಟಿನೊಳಗೇ ಕಟ್ಟಿಟ್ಟಿರುವ ವ್ಯವಸ್ಥೆಗೆ ಟ್ಯಾಬ್ಯುಲರ್ ಅಂಕಿಗಳು ಎಂದು ಹೆಸರು. ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲ ಅಂಕಿಗಳಿಗೂ ಒಂದೇ ಅಗಲ ಇರುವ ಬದಲಿ ರೂಪಗಳನ್ನು ಫಾಂಟು ತಯಾರಿಸಿದವರು `tnum` ಎಂಬ ಗುರುತಿನಡಿ ಸೇರಿಸಿರುತ್ತಾರೆ. ಅವನ್ನು ಹೊರತೆಗೆಯಲು ಸಿಎಸ್‌ಎಸ್‌ನ ಒಂದು ಸಾಲು ಸಾಕು.

```css
.num {
  text-align: right;
  font-variant-numeric: tabular-nums;
  white-space: nowrap;
}
```

ಅಲ್ಪವಿರಾಮದ ಅಗಲ ಅಂಕಿಯಷ್ಟಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಅದು ತೊಂದರೆ ಕೊಡುವುದಿಲ್ಲ, ಏಕೆಂದರೆ ನಮ್ಮ ಲಕ್ಷ ಕೋಟಿಯ ಬರವಣಿಗೆಯಲ್ಲಿ ಬಲದಿಂದ ಎಣಿಸಿದರೆ ಮೊದಲ ಅಲ್ಪವಿರಾಮ ಮೂರು ಅಂಕಿಗಳ ನಂತರ, ಮುಂದಿನವು ಎರಡೆರಡು ಅಂಕಿಗಳ ನಂತರ ಬರುವುದು ಎಲ್ಲ ಸಾಲುಗಳಲ್ಲೂ ಒಂದೇ ರೀತಿ. ಅಂಕಿಗಳ ಅಗಲ ಸಮವಾದ ಕೂಡಲೇ ಅಲ್ಪವಿರಾಮಗಳೂ ನೇರ ಗೆರೆಗೆ ಬರುತ್ತವೆ.

ಈ ನಿಯಮವನ್ನು ಎಲ್ಲಿ ಅಂಟಿಸಬೇಕು ಎಂಬುದರಲ್ಲಿ ಹೊಸಬರು ಎಡವುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. `<col>` ಗೆ ಕ್ಲಾಸ್ ಕೊಟ್ಟರೆ ಇಡೀ ಕಾಲಂ ಬಲಕ್ಕೆ ಹೋಗುತ್ತದೆ ಎಂದು ತರ್ಕ ಹೇಳುತ್ತದೆ, ಆದರೆ ಅಲ್ಲಿ ಕೆಲಸ ಮಾಡುವುದು ಅಗಲ, ಹಿನ್ನೆಲೆ, ಅಂಚುಗೆರೆಯಂಥ ಕೆಲವೇ ಗುಣಗಳು, `text-align` ಅಲ್ಲ. ಆದ್ದರಿಂದ ಕ್ಲಾಸನ್ನು ಪ್ರತಿ `<td>` ಗೆ ಕೊಡಬೇಕು. ತಲೆಬರಹದ `<th>` ಗೂ ಅದನ್ನೇ ಕೊಡಬೇಕು, ಇಲ್ಲವಾದರೆ ಬ್ರೌಸರು ಅದನ್ನು ತನ್ನ ರೂಢಿಯಂತೆ ನಡುವಿಗೆ ತಂದು ನಿಲ್ಲಿಸುತ್ತದೆ ಮತ್ತು "ಗರಿಷ್ಠ" ಎಂಬ ಪದ ಯಾವ ಕಾಲಮ್ಮಿನದು ಎಂಬುದು ಅಗಲ ಪರದೆಯಲ್ಲಿ ಅನುಮಾನಕ್ಕೆ ಬೀಳುತ್ತದೆ. ಅಂದಹಾಗೆ, ಕನಿಷ್ಠ ಮತ್ತು ಗರಿಷ್ಠ ದರಗಳನ್ನು ನಡುವೆ ಗೀಟೆಳೆದು ಒಂದೇ ಮನೆಯಲ್ಲಿ ತುಂಬುವ ಅಭ್ಯಾಸವಿರುವವರು ಮೊದಲು ಅದನ್ನು ಎರಡು ಕಾಲಮ್ಮಾಗಿ ಒಡೆಯಬೇಕು. ಒಂದೇ ಮನೆಯಲ್ಲಿರುವ ಎರಡು ಸಂಖ್ಯೆಗಳಲ್ಲಿ ಬಲಗಡೆಯದನ್ನು ಮಾತ್ರ ನಿಶ್ಚಿತವಾಗಿ ನೇರಕ್ಕೆ ತರಬಹುದು.

ಇಷ್ಟೆಲ್ಲ ಸರಿಯಾಗಿ ಬರೆದಿದ್ದ ನನ್ನ ಪುಟದಲ್ಲೂ ಅಂಕಿಗಳು ಹೊಯ್ದಾಡಿದ್ದವು ಎಂಬುದೇ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ. ಬೆಳೆಗಾರರು ಮೊಬೈಲು ತೋರಿಸಿದ ದಿನ `tabular-nums` ಅದಾಗಲೇ ಸಿಎಸ್‌ಎಸ್‌ನಲ್ಲಿ ಇತ್ತು, ನನ್ನ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಅಚ್ಚುಕಟ್ಟಾಗಿಯೂ ಕಾಣುತ್ತಿತ್ತು. ಈ ಗುಣಕ್ಕೆ ಒಂದು ಕೆಟ್ಟ ಸ್ವಭಾವವಿದೆ: ಫಾಂಟಿನಲ್ಲಿ `tnum` ಇಲ್ಲದಿದ್ದರೆ ಅದು ದೋಷದ ಸಂದೇಶವನ್ನೂ ಕೊಡದೆ, ಎಚ್ಚರಿಕೆಯನ್ನೂ ಕೊಡದೆ ಸುಮ್ಮನಿದ್ದುಬಿಡುತ್ತದೆ. ಡೆವಲಪರ್ ಟೂಲ್ಸಿನಲ್ಲಿ ನಿಯಮಕ್ಕೆ ಅಡ್ಡಗೆರೆಯೂ ಬೀಳುವುದಿಲ್ಲ, ಏಕೆಂದರೆ ಸಿಎಸ್‌ಎಸ್ ದೃಷ್ಟಿಯಿಂದ ಅದು ಸರಿಯಾದ ನಿಯಮವೇ.

ನನ್ನ ಫಾಂಟಿನಲ್ಲಿ ಮೂಲತಃ `tnum` ಇತ್ತು. ಘಟ್ಟದ ತಿರುವುಗಳಲ್ಲಿ ಸಿಗ್ನಲ್ ಬಂದು ಹೋಗಿ ಮಾಡುವ ಊರುಗಳಲ್ಲೂ ಪುಟ ಬೇಗ ತೆರೆಯಲಿ ಎಂಬ ಉದ್ದೇಶದಿಂದ, ಬೇಡದ ಅಕ್ಷರಗಳನ್ನು ತೆಗೆದು ಫಾಂಟನ್ನು ಚಿಕ್ಕದು ಮಾಡಲು ನಾನು `pyftsubset` ಬಳಸಿದ್ದೆ. ಆ ಸಲಕರಣೆ ಲಿಪಿಯನ್ನು ಸರಿಯಾಗಿ ಜೋಡಿಸಲು ಬೇಕಾದ ಗುಣಗಳನ್ನು ತಾನಾಗಿ ಉಳಿಸಿಕೊಳ್ಳುತ್ತದೆ, ಆದರೆ ಅದು ತಾನಾಗಿ ಉಳಿಸುವ ಗುಣಗಳ ಪಟ್ಟಿಯಲ್ಲಿ `tnum` ಇಲ್ಲ. ನಾನು ಪರೀಕ್ಷಿಸಿದ್ದು ಮೂಲ ಫಾಂಟಿನಲ್ಲಿ, ಸರ್ವರಿಗೆ ಏರಿಸಿದ್ದು ಕತ್ತರಿಸಿದ ಫಾಂಟನ್ನು. ಪರಿಹಾರ ಹೀಗಿದೆ.

```
pyftsubset mool.ttf --flavor=woff2 \
  --unicodes="U+20-7E,U+20B9,U+C80-CFF,U+200C-200D" \
  --layout-features+=tnum
```

ಇಲ್ಲಿರುವ `+=` ನಲ್ಲಿ ಕೂಡಿಸುವ ಚಿಹ್ನೆಯನ್ನು ಮರೆತು ಬರೀ `=` ಹಾಕಿದರೆ ಉಳಿಯುವುದು `tnum` ಒಂದೇ. ಆಗ ಅಂಕಿಗಳು ಸೊಗಸಾಗಿ ನಿಲ್ಲುತ್ತವೆ, ಕನ್ನಡದ ಒತ್ತಕ್ಷರಗಳು ಮಾತ್ರ ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿಯಾಗುತ್ತವೆ, "ಬೆಟ್ಟೆ" ಎಂಬ ಅಡಿಕೆಯ ಹೆಸರನ್ನು ಓದಲೂ ಆಗದ ಸ್ಥಿತಿ. ಆ ತಪ್ಪು ಕಣ್ಣಿಗೆ ರಾಚುವುದರಿಂದ ಬೇಗ ಸಿಕ್ಕಿಬೀಳುತ್ತದೆ, ಅಷ್ಟು ಪುಣ್ಯ.

ಟ್ಯಾಬ್ಯುಲರ್ ಅಂಕಿಗಳು ನಿಜವಾಗಿ ಬಂದಿವೆಯೇ ಎಂದು ತಿಳಿಯಲು ನಾನೀಗ ಪ್ರತಿ ಕೆಲಸದಲ್ಲೂ ತಾತ್ಕಾಲಿಕವಾಗಿ ಒಂದು ತುಣುಕನ್ನು ಪುಟದಲ್ಲಿ ಇಟ್ಟು, ಸರ್ವರಿನಿಂದಲೇ ತೆರೆದು, ಅಗ್ಗದ ಆಂಡ್ರಾಯ್ಡ್ ಮೊಬೈಲಿನಲ್ಲಿ ನೋಡುತ್ತೇನೆ.

```html
<p class="num">1111111111<br>0000000000</p>
```

ಎರಡೂ ಸಾಲುಗಳು ಬಲಕ್ಕೆ ಹೊಂದಿರುವುದರಿಂದ ಎಡ ತುದಿಗಳನ್ನು ಮಾತ್ರ ನೋಡಿದರೆ ಸಾಕು. ಅಲ್ಲಿಯೂ ಒಂದೇ ಗೆರೆಗೆ ಬಂದಿದ್ದರೆ ಅಂಕಿಗಳ ಅಗಲ ಸಮವಾಗಿದೆ, ಒಂದುಗಳ ಸಾಲು ಒಳಗೆ ಸರಿದಿದ್ದರೆ ಫಾಂಟು ಕೈಕೊಟ್ಟಿದೆ. ಹತ್ತು ಅಂಕಿ ಬರೆಯುವುದೇಕೆಂದರೆ ಒಂದೆರಡು ಅಂಕಿಗಳಲ್ಲಿ ಅರ್ಧ ಪಿಕ್ಸೆಲ್ಲಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಕ್ರೋಮಿನ ಡೆವಲಪರ್ ಟೂಲ್ಸಿನಲ್ಲಿ `Computed` ಭಾಗದ ಕೊನೆಗೆ ಹೋದರೆ ಆ ಮನೆಯ ಅಂಕಿಗಳನ್ನು ಯಾವ ಫಾಂಟು ಬರೆದಿದೆ ಎಂಬುದೂ ಕಾಣುತ್ತದೆ. ಕನ್ನಡ ಪುಟಗಳಿಗೆ ಇದು ಮುಖ್ಯ, ಏಕೆಂದರೆ ಕನ್ನಡ ಫಾಂಟಿನಲ್ಲಿ 0 ಯಿಂದ 9ರ ಅಂಕಿಗಳು ಇಲ್ಲದಿದ್ದರೆ ಬ್ರೌಸರು ಪಟ್ಟಿಯ ಮುಂದಿನ ಫಾಂಟಿನಿಂದ ಅವನ್ನು ತರುತ್ತದೆ. ದರದ ಮನೆಯಲ್ಲಿ ಅಕ್ಷರಗಳಿಲ್ಲ, ಅಂಕಿಗಳಷ್ಟೇ ಇರುವುದು. ಹಾಗಾಗಿ `.num` ಗೆ `tnum` ಇರುವ ಬೇರೊಂದು ಫಾಂಟನ್ನೇ ಕೊಡಬಹುದು. ೦ ಯಿಂದ ೯ರ ಕನ್ನಡ ಅಂಕಿಗಳನ್ನೇ ಬಳಸಬೇಕೆಂಬ ಅಪೇಕ್ಷೆ ಗ್ರಾಹಕರಿಂದ ಬಂದಾಗ ಮೇಲಿನ ಪರೀಕ್ಷೆಯನ್ನು ೧ ಮತ್ತು ೦ ಗಳಿಂದ ಮಾಡಿ ತೋರಿಸುತ್ತೇನೆ. ಅಗಲ ಸಮವಿಲ್ಲದ ಫಾಂಟಾದರೆ, ಹೆಸರುಗಳು ಕನ್ನಡದಲ್ಲಿರಲಿ, ಪಟ್ಟಿಯ ದರಗಳು 0 ಯಿಂದ 9ರಲ್ಲಿರಲಿ ಎಂದು ಸಲಹೆ ಕೊಡುತ್ತೇನೆ.

ಧಾರಣೆಯ ಪಕ್ಕದಲ್ಲೇ ಆವಕದ ಕಾಲಂ ಇತ್ತು, ಅಲ್ಲಿನ ಕಥೆ ಬೇರೆ. ಕ್ವಿಂಟಾಲಿನಲ್ಲಿ 112.5, 8 ಮತ್ತು 46.25 ಎಂದು ಬಂದ ಸಂಖ್ಯೆಗಳನ್ನು ಹಾಗೆಯೇ ಬಲಕ್ಕೆ ಹೊಂದಿಸಿದರೆ ಎಂಟು ಕ್ವಿಂಟಾಲಿನ ಎಂಟು, ದಶಮಾಂಶದ ಎರಡನೆಯ ಸ್ಥಾನದಲ್ಲಿ ಹೋಗಿ ನಿಲ್ಲುತ್ತದೆ. ಅಂಕಿಗಳ ಅಗಲ ಎಷ್ಟೇ ಸಮವಿದ್ದರೂ ಇದನ್ನು ಸರಿಪಡಿಸದು. ದಶಮಾಂಶ ಬಿಂದುವನ್ನೇ ಹಿಡಿದು ಹೊಂದಿಸುವ `char` ಎಂಬ ಗುಣ 1999ರ ಎಚ್‌ಟಿಎಂಎಲ್ 4.01ರಲ್ಲಿ ಇತ್ತಾದರೂ ಅದನ್ನು ನೆಚ್ಚಿಕೊಳ್ಳುವಷ್ಟು ಬ್ರೌಸರುಗಳು ಜಾರಿಗೆ ತರಲೇ ಇಲ್ಲ, ಎಚ್‌ಟಿಎಂಎಲ್5 ಅದನ್ನು ಕೈಬಿಟ್ಟಿತು. ಹೀಗಾಗಿ ಎಲ್ಲ ಸಾಲುಗಳಿಗೂ ದಶಮಾಂಶದ ನಂತರ ಎರಡೇ ಅಂಕಿ ಬರುವಂತೆ ಮಾಡುವುದೇ ದಾರಿ.

```js
new Intl.NumberFormat('en-IN', {
  minimumFractionDigits: 2,
  maximumFractionDigits: 2
}).format(8)   // "8.00"
```

ಇದೇ ಸಾಲು ಲಕ್ಷದ ಅಲ್ಪವಿರಾಮಗಳನ್ನೂ ನಮ್ಮ ರೂಢಿಯಂತೆ ಹಾಕಿಕೊಡುತ್ತದೆ.

ಎಲ್ಲ ಸರಿಯಾದ ಮೇಲೂ ಆವಕದ ಕೊನೆಯ ಸಾಲಿನಲ್ಲಿ, ಅಂದರೆ ಒಟ್ಟು ಮೊತ್ತದಲ್ಲಿ, ಒಂದು ಸಣ್ಣ ಓರೆ ಉಳಿದುಕೊಂಡಿತ್ತು. 166.75ರ ನೂರರ ಸ್ಥಾನದ ಒಂದು ಮೇಲಿನ 112.50ರ ಮೊದಲ ಒಂದಕ್ಕಿಂತ ತುಸು ಎಡಕ್ಕೆ ಸರಿದಿತ್ತು. ಒಟ್ಟು ಮೊತ್ತವನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಟ್ಯಾಬ್ಯುಲರ್ ಅಂಕಿಗಳು ಒಂದೇ ದಪ್ಪದೊಳಗೆ ಪರಸ್ಪರ ಸಮ, ಆದರೆ ಸಾಮಾನ್ಯ ದಪ್ಪದ ಅಂಕಿಗೆ 10 ಪಿಕ್ಸೆಲ್ ಇದ್ದಲ್ಲಿ ಅದೇ ಫಾಂಟಿನ ದಪ್ಪ ಅಂಕಿಗೆ ಹತ್ತೂವರೆ ಇರಬಹುದು. ನಾಲ್ಕು ಅಂಕಿ ದಾಟುವಷ್ಟರಲ್ಲಿ ಎರಡು ಪಿಕ್ಸೆಲ್ ಓರೆ, ಐದನೆಯದಕ್ಕೆ ಇನ್ನೂ ಅರ್ಧ. ಎರಡೂ ದಪ್ಪಗಳಲ್ಲಿ ಒಂದೇ ಅಗಲವಿರುವಂತೆ ವಿನ್ಯಾಸ ಮಾಡಿದ ಫಾಂಟುಗಳೂ ಇವೆ, ಆದರೆ ಅವನ್ನು ಹುಡುಕಿಕೊಂಡು ಹೋಗುವಷ್ಟು ದೊಡ್ಡ ಅಗತ್ಯ ನನಗೆ ಕಾಣಲಿಲ್ಲ. ಒಟ್ಟು ಮೊತ್ತದ ಅಂಕಿಗಳನ್ನು ಸಾಮಾನ್ಯ ದಪ್ಪಕ್ಕೇ ಇಳಿಸಿ, "ಒಟ್ಟು" ಎಂಬ ಪದವನ್ನು ಮಾತ್ರ ದಪ್ಪವಾಗಿ ಉಳಿಸಿ, ಸಾಲಿನ ಮೇಲೆ ಒಂದು ಗೆರೆ ಎಳೆದೆ. ಕಿರ್ದಿ ಬರೆಯುವವರೂ ಮೊತ್ತದ ಮೇಲೆ ಎಳೆಯುತ್ತಿದ್ದುದು ಅಂಥದೇ ಗೆರೆ.