ಮುಟ್ಟಾದಾಗ ದೇವರನ್ನು ಪ್ರಾರ್ಥಿಸಬಹುದೇ?

ಪ್ರಶ್ನೆ: ವರಮಹಾಲಕ್ಷ್ಮಿ ವ್ರತದ ಹಿಂದಿನ ದಿನವೇ ಮುಟ್ಟಾಯಿತು. ಪೂಜೆಗೆ ಕೂರುವಂತಿಲ್ಲ ಎಂಬುದು ಗೊತ್ತು. ಮನಸ್ಸಿನಲ್ಲಿ ಸ್ತೋತ್ರ ಹೇಳಿಕೊಂಡರೂ ದೋಷವೇ? ಯಾವ ಧರ್ಮದಲ್ಲೂ ಆ ದಿನಗಳಲ್ಲಿ ಪ್ರಾರ್ಥನೆ ಸಲ್ಲದು ಎನ್ನುತ್ತಾರಲ್ಲ, ನಿಜವೇ?

ಶ್ರಾವಣ ಹತ್ತಿರವಾದಂತೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಬೇರೆ ಬೇರೆ, ಕೊನೆಯ ಸಾಲು ಮಾತ್ರ ಯಾವಾಗಲೂ ಒಂದೇ: ‘ಯಾವ ಧರ್ಮದಲ್ಲೂ ಸಲ್ಲದು.’ ವ್ರತದ ಉತ್ತರ ಚಿಕ್ಕದು, ಅದನ್ನು ಮೊದಲು ಮುಗಿಸುತ್ತೇನೆ. ಹುಣ್ಣಿಮೆಗೆ ಮೊದಲಿನ ಶುಕ್ರವಾರ ತಪ್ಪಿದರೆ ಶ್ರಾವಣದ ಇನ್ನೊಂದು ಶುಕ್ರವಾರ ಮಾಡುವ ರೂಢಿ ಹಲವು ಮನೆಗಳಲ್ಲಿದೆ. ಕಲಶ ಇಟ್ಟ ಮೇಲೆ ಮುಟ್ಟಾದರೆ ಮನೆಯ ಬೇರೆಯವರು ಮಂಗಳಾರತಿ ಮಾಡಿ ಕಲಶ ಕದಲಿಸುತ್ತಾರೆ. ನಿಮ್ಮ ಮನೆಯ ಪದ್ಧತಿ ಏನೆಂದು ಹಿರಿಯರನ್ನು ಕೇಳಿ, ಹಾಗೆಯೇ ಮಾಡಿ.

ಇನ್ನು ಆ ಕೊನೆಯ ಸಾಲು. ಅದು ತಪ್ಪು. ಎಷ್ಟು ಸಲ ಬರೆದರೂ ಮತ್ತೆ ಚಿಗುರುತ್ತದೆ, ಆದ್ದರಿಂದ ಈ ಸಲ ಸ್ವಲ್ಪ ಬೇರಿನವರೆಗೆ ಅಗೆಯೋಣ.

ಮೊದಲು ನಮ್ಮ ಧರ್ಮಶಾಸ್ತ್ರದ ಲೆಕ್ಕ. ಮೂರು ರಾತ್ರಿ ದೂರವಿರುವುದು, ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ ಮನೆಗೆಲಸಕ್ಕೆ ಸೇರುವುದು, ಐದನೆಯ ದಿನದಿಂದ ದೇವರ ಮತ್ತು ಪಿತೃಗಳ ಕಾರ್ಯಕ್ಕೆ ಅರ್ಹತೆ. ಈ ಲೆಕ್ಕವೆಲ್ಲ ಕರ್ಮಕ್ಕೆ ಸಂಬಂಧಿಸಿದ್ದು: ವಿಗ್ರಹ ಮುಟ್ಟುವುದು, ನೈವೇದ್ಯ ಮಾಡುವುದು, ಸಂಕಲ್ಪ ಮಾಡಿ ವ್ರತಕ್ಕೆ ಕೂರುವುದು. ಮನಸ್ಸಿನಲ್ಲಿ ಮಾಡುವ ನಾಮಸ್ಮರಣೆಗೆ ಈ ದಿನಗಳ ಲೆಕ್ಕ ತಗಲುವುದಿಲ್ಲ ಎಂದು ಕಟ್ಟುನಿಟ್ಟಿನ ಮಡಿಯ ಮನೆಗಳ ಅನೇಕ ಹಿರಿಯರೂ ಹೇಳುತ್ತಾರೆ.

ನಂಬದವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ದುಶ್ಶಾಸನ ಮುಡಿ ಹಿಡಿದು ಸಭೆಗೆ ಎಳೆದು ತಂದಾಗ ದ್ರೌಪದಿ ಯಾವ ಸ್ಥಿತಿಯಲ್ಲಿದ್ದಳು? ಆಕೆ ರಜಸ್ವಲೆ, ಏಕವಸ್ತ್ರದಲ್ಲಿದ್ದಳು ಎಂದು ಮಹಾಭಾರತ ಸ್ಪಷ್ಟವಾಗಿ ಹೇಳುತ್ತದೆ. ಈ ಸ್ಥಿತಿಯಲ್ಲಿ ನನ್ನನ್ನು ಸಭೆಗೆ ಕರೆದೊಯ್ಯಬೇಡ ಎಂದು ಅವಳೇ ಬೇಡಿಕೊಳ್ಳುತ್ತಾಳೆ. ಅದೇ ಹೊತ್ತಿನಲ್ಲಿ ಅವಳು ಕೃಷ್ಣನನ್ನು ಕೂಗಿದ್ದನ್ನು ಹರಿಕಥೆಯಲ್ಲಿ, ಯಕ್ಷಗಾನದಲ್ಲಿ, ಗಮಕದಲ್ಲಿ ಕೇಳಿ ಕಣ್ಣೊರೆಸಿಕೊಂಡವರು ನಾವೇ. ‘ನೀನೀಗ ಹೊರಗಾಗಿದ್ದೀಯೆ, ಐದನೆಯ ದಿನ ಕರೆ’ ಎಂದು ಕೃಷ್ಣ ಹೇಳಿದ ಪಾಠಾಂತರ ಯಾವ ಊರಿನಲ್ಲೂ ಇಲ್ಲ. ಈ ನೆಲದ ಅತ್ಯಂತ ಪ್ರಸಿದ್ಧ ಮೊರೆ ಮುಟ್ಟಾದ ಹೆಣ್ಣಿನದು. ಇದನ್ನು ಹೇಳಿದಾಗ ವಾದಕ್ಕೆ ಬಂದವರು ಒಂದು ಕ್ಷಣ ಸುಮ್ಮನಾಗುವುದನ್ನು ನೋಡುವುದು ನನಗೆ ಇಷ್ಟ, ಒಪ್ಪಿಕೊಳ್ಳುತ್ತೇನೆ.

ಲಿಂಗಾಯತರಲ್ಲಿ ತತ್ತ್ವವೇ ಬೇರೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ತಳ್ಳಿಹಾಕಿದರು. ಇಷ್ಟಲಿಂಗ ಮೈಮೇಲೆ ಸದಾ ಇರಬೇಕಾದದ್ದು, ಪೂಜೆ ನಿತ್ಯ ನಡೆಯಬೇಕಾದದ್ದು. ತಿಂಗಳಿಗೆ ಮೂರು ದಿನ ಬಿಚ್ಚಿಡಬೇಕೆಂದರೆ ಆ ವ್ರತವೇ ಮುರಿಯುತ್ತದೆ. ಹಾಗಾಗಿ ಈ ಪರಂಪರೆಯಲ್ಲಿ ಮುಟ್ಟಾದವಳು ಲಿಂಗಪೂಜೆ ಮಾಡಬಹುದು ಎನ್ನುವುದಕ್ಕಿಂತ, ಬಿಡಬೇಕಾಗಿಲ್ಲ ಎನ್ನುವುದು ಸರಿ. ಕೆಲವು ಮನೆಗಳಲ್ಲಿ ಇಷ್ಟಲಿಂಗ ಪೂಜೆ ಎಂದಿನಂತೆ ನಡೆದರೂ ಆ ದಿನಗಳಲ್ಲಿ ಗುಡಿಗೆ ಹೋಗುವುದಿಲ್ಲ. ಅದು ನೆರೆಹೊರೆಯ ರೂಢಿ ಒಳಗೆ ಬಂದದ್ದು. ಅವರವರ ಮನೆ, ಅವರವರ ನಡೆ.

ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಹೇಳುವುದು ಇಸ್ಲಾಮಿನ ಬಗ್ಗೆ. ‘ಅವರಲ್ಲೂ ಪ್ರಾರ್ಥನೆ ಮಾಡುವಂತಿಲ್ಲ’ ಎನ್ನುತ್ತಾರೆ. ಮಾಡುವಂತಿಲ್ಲದ್ದು ನಮಾಜು. ಆ ದಿನಗಳಲ್ಲಿ ನಮಾಜಿನ ಕಡ್ಡಾಯವೇ ಇರುವುದಿಲ್ಲ, ಬಿಟ್ಟುಹೋದ ನಮಾಜುಗಳನ್ನು ಆಮೇಲೆ ತುಂಬಿಕೊಡಬೇಕಾಗಿಯೂ ಇಲ್ಲ. ರಂಜಾನಿನ ಉಪವಾಸ ಹಾಗಲ್ಲ. ಬಿಟ್ಟಷ್ಟು ದಿನಗಳನ್ನು ಮುಂದೆ ಇಡಬೇಕು. ಉಪವಾಸಕ್ಕೊಂದು, ನಮಾಜಿಗೊಂದು ನಿಯಮ ಏಕೆ ಎಂದು ಒಬ್ಬ ಮಹಿಳೆ ಪ್ರವಾದಿಯವರ ಪತ್ನಿ ಆಯಿಷಾ ಅವರನ್ನೇ ಕೇಳಿದ್ದು, ನಮಗೆ ಹೀಗೆಯೇ ಆದೇಶವಿತ್ತು ಎಂದು ಅವರು ಉತ್ತರಿಸಿದ್ದು ಹದೀಸಿನಲ್ಲಿದೆ. ಕೈಯೆತ್ತಿ ಬೇಡುವ ದುಆ, ದೇವರನ್ನು ಸ್ಮರಿಸುವ ಝಿಕ್ರ್ ಎರಡಕ್ಕೂ ತಡೆಯಿಲ್ಲ. ಹಜ್ ಯಾತ್ರೆಯ ದಾರಿಯಲ್ಲಿ ಮುಟ್ಟಾಗಿ ಆಯಿಷಾ ಅತ್ತಾಗ, ಕಾಬಾದ ಪ್ರದಕ್ಷಿಣೆಯೊಂದನ್ನು ಬಿಟ್ಟು ಯಾತ್ರಿಕರು ಮಾಡುವ ಉಳಿದೆಲ್ಲವನ್ನೂ ಮಾಡು ಎಂದು ಪ್ರವಾದಿಯವರು ಹೇಳಿದರು. ಇಂದಿಗೂ ಮುಟ್ಟಾದ ಯಾತ್ರಿಕೆ ಅರಫಾತಿನಲ್ಲಿ ಉಳಿದವರೊಂದಿಗೆ ನಿಂತು ದುಆ ಮಾಡುತ್ತಾಳೆ. ಕುರ್‌ಆನ್ ಪಠಿಸುವ ವಿಷಯದಲ್ಲಿ ಮಾತ್ರ ಪಂಥಭೇದವಿದೆ. ಮಾಲಿಕಿಗಳು ಬಾಯಿಪಾಠ ಪಠಿಸಲು ಅವಕಾಶ ಕೊಡುತ್ತಾರೆ, ಹನಫಿ ಮತ್ತು ಶಾಫಿಈಗಳು ಸಾಮಾನ್ಯವಾಗಿ ಕೊಡುವುದಿಲ್ಲ.

ಇಲ್ಲಿ ಎಡವುವುದು ದಿನಗಳ ಎಣಿಕೆಯಲ್ಲಿ. ಹನಫಿ ಪಂಥದಲ್ಲಿ ಮುಟ್ಟಿನ ಅವಧಿ ಕನಿಷ್ಠ 3 ದಿನ, ಗರಿಷ್ಠ 10 ದಿನ. ಒಬ್ಬಾಕೆಗೆ ಪ್ರತಿ ತಿಂಗಳೂ 6 ದಿನ ಆಗುತ್ತದೆ, ಒಂದು ತಿಂಗಳು ಸ್ರಾವ 12 ದಿನಕ್ಕೆ ಎಳೆಯಿತು ಎನ್ನಿ. 10 ದಿನ ದಾಟಿದ್ದರಿಂದ ಲೆಕ್ಕ ಅವಳ ಎಂದಿನ 6 ದಿನಕ್ಕೇ ಹಿಂದಿರುಗುತ್ತದೆ. 7ನೆಯ ದಿನದಿಂದ ಆದದ್ದು ಮುಟ್ಟಲ್ಲ, ಇಸ್ತಿಹಾಝಾ ಎಂಬ ಬೇರೆ ಸ್ರಾವ. ಅದರಲ್ಲಿ ನಮಾಜು ಕಡ್ಡಾಯ, ಪ್ರತಿ ಹೊತ್ತಿನ ನಮಾಜಿಗೂ ಕೈಕಾಲು ಮುಖ ತೊಳೆಯುವ ವುಝೂವನ್ನು ಹೊಸದಾಗಿ ಮಾಡಿಕೊಳ್ಳಬೇಕು. 10ನೆಯ ದಿನದವರೆಗೆ ಸುಮ್ಮನಿದ್ದವಳು 7ರಿಂದ 10ರವರೆಗಿನ ನಮಾಜುಗಳನ್ನು ತುಂಬಿಕೊಡಬೇಕು. ಅದೇ ಸ್ರಾವ 9 ದಿನಕ್ಕೆ ನಿಂತಿದ್ದರೆ ಒಂಬತ್ತೂ ಮುಟ್ಟೇ, ತುಂಬಿಕೊಡುವುದು ಏನೂ ಇಲ್ಲ. ಮುಟ್ಟು ಶುರುವಾದ ದಿನವನ್ನೂ ನಿಂತ ದಿನವನ್ನೂ ಬರೆದಿಟ್ಟುಕೊಳ್ಳಿ ಎಂದು ತಿಳಿದವರು ಹೇಳುವುದು ಈ ಕಾರಣಕ್ಕೆ. ಶಾಫಿಈ ಪಂಥದಲ್ಲಿ ಗರಿಷ್ಠ 15 ದಿನ. ಕರಾವಳಿಯ ಬ್ಯಾರಿ ಮತ್ತು ಭಟ್ಕಳದ ನವಾಯತ ಓದುಗರು ಹನಫಿ ಲೆಕ್ಕವನ್ನು ತಮಗೆ ಹಾಕಿಕೊಳ್ಳಬೇಡಿ.

ಸಿಖ್ಖರಲ್ಲಿ ನಿರ್ಬಂಧವೇ ಇಲ್ಲ. ಸೂತಕದ ಕಲ್ಪನೆಯನ್ನು ಗುರು ನಾನಕರೇ ಟೀಕಿಸಿದ್ದಾರೆ. ಕ್ರೈಸ್ತರಲ್ಲಿ ಈ ಚರ್ಚೆ ಬಹಳ ಹಿಂದೆಯೇ ನಡೆದಿದೆ. ಸುಮಾರು 601ರಲ್ಲಿ ಪೋಪ್ ಗ್ರೆಗೊರಿ ಇಂಗ್ಲೆಂಡಿಗೆ ಬರೆದ ಉತ್ತರದಲ್ಲಿ, ಮುಟ್ಟಾದವಳನ್ನು ಚರ್ಚಿಗೆ ಬಾರದಂತೆ, ಪರಮಪ್ರಸಾದ ಸ್ವೀಕರಿಸದಂತೆ ತಡೆಯಬಾರದು ಎಂದಿದೆ. ಭಕ್ತಿಯಿಂದ ತಾನಾಗಿಯೇ ದೂರ ನಿಂತರೆ ಅದೂ ಮೆಚ್ಚತಕ್ಕದ್ದೇ ಎಂದೂ ಇದೆ. ಎರಡು ಕಡೆಯವರನ್ನೂ ನೋಯಿಸದ ಆ ಉತ್ತರ ನನಗೆ ಬಹಳ ಹಿಡಿಸುತ್ತದೆ.

ಯಾರೂ ನೇರವಾಗಿ ಕೇಳದ, ಆದರೆ ಔಷಧಿ ಅಂಗಡಿಯಲ್ಲಿ ಹಬ್ಬದ ಹಿಂದಿನ ವಾರ ಪಿಸುಮಾತಿನಲ್ಲಿ ನಡೆಯುವ ವಿಚಾರವೊಂದಿದೆ: ಮುಟ್ಟು ಮುಂದೂಡುವ ಮಾತ್ರೆ. ಹಬ್ಬಕ್ಕೂ ಹಜ್ ಯಾತ್ರೆಗೂ ಬಳಸುವುದು ಸಾಮಾನ್ಯವಾಗಿ ಒಂದನ್ನೇ, ನಾರ್‌ಎಥಿಸ್ಟೆರೋನ್. ವೈದ್ಯರು ಹೆಚ್ಚಾಗಿ ಬರೆದುಕೊಡುವುದು 5 ಮಿಲಿಗ್ರಾಂ, ದಿನಕ್ಕೆ ಮೂರು ಬಾರಿ, ಮುಟ್ಟಿನ ದಿನಕ್ಕೆ ಮೂರು ದಿನ ಮೊದಲಿನಿಂದ. ಗುರುವಾರ ಹೊಟ್ಟೆನೋವು ಶುರುವಾದ ಮೇಲೆ ನುಂಗಿ ಶುಕ್ರವಾರದ ಪೂಜೆಗೆ ಕೂರುತ್ತೇನೆಂದರೆ ಅದು ಕೆಲಸ ಮಾಡುವುದನ್ನು ನಂಬಲಾಗದು. ಸರಿಯಾಗಿ ತೆಗೆದುಕೊಂಡವರಿಗೂ ನಡುವೆ ಸ್ವಲ್ಪ ಕಲೆ ಕಾಣಿಸಬಹುದು. ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ಕಾಯಿಲೆ ಅಥವಾ ಸ್ತನ ಕ್ಯಾನ್ಸರ್ ಇದ್ದವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು, ಬಸುರಿಯಾಗಿರಬಹುದೆಂಬ ಅನುಮಾನವಿರುವವರು ಇದನ್ನು ಮುಟ್ಟಬಾರದು. ಅಕ್ಕನಿಗೆ ಬರೆದುಕೊಟ್ಟ ಚೀಟಿಯಲ್ಲಿ ತಂಗಿ ಮಾತ್ರೆ ತರುವುದೂ ಬೇಡ. ನುಂಗುತ್ತಿರುವಾಗ ಒಂದು ಕಾಲು ಮಾತ್ರ ಊದಿ ನೋಯತೊಡಗಿದರೆ, ಉಸಿರಾಡುವಾಗ ಎದೆ ಚುಚ್ಚಿದರೆ ಹಬ್ಬ ಮುಗಿಯಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಈ ಪ್ರಮಾಣದಲ್ಲಿ ಅದು ಗರ್ಭ ತಡೆಯುತ್ತದೆಂದು ನೆಚ್ಚುವಂತಿಲ್ಲ. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಮುಟ್ಟು ಬರುತ್ತದೆ. ವಾರ ಕಳೆದರೂ ಬರದಿದ್ದರೆ ಗರ್ಭಪರೀಕ್ಷೆ ಮಾಡಿಸಿಕೊಂಡು ವೈದ್ಯರನ್ನು ಕಾಣಿ.