ನೂರು ರೂಪಾಯಿ ಕಡಿಮೆ ಬಿದ್ದ ಚೆಕ್ಕು

ಶಿರಸಿಯ ಹತ್ತಿರದ ನಮ್ಮ ಊರಿನ ಬೆಳೆಗಾರರೊಬ್ಬರು ಎರಡು ಕ್ವಿಂಟಲ್ ಚಾಲಿ ಅಡಿಕೆ ಮಾರಿ 84,000 ರೂಪಾಯಿಯ ಚೆಕ್ಕು ತಂದಿದ್ದರು. ಚೆಕ್ಕು ಎರಡು ಸಲ ವಾಪಸು ಬಂತು. ಮೂರನೇ ದಿನ ಸಂಜೆ ಪಾಸ್‌ಬುಕ್ ಹಿಡಿದು ನಮ್ಮ ಮನೆಯ ಜಗಲಿಗೆ ಬಂದು ಕೂತರು. ನಾನು ವರ್ಷಗಟ್ಟಲೆ ಬ್ಯಾಂಕಿನ ಕ್ಲಿಯರಿಂಗ್ ಕೆಲಸ ನೋಡಿಕೊಂಡವನು ಎಂಬುದು ಅವರಿಗೆ ಗೊತ್ತು. "ಚೆಕ್ಕು ಕೊಟ್ಟಂವ ಅಂವ. ದಂಡ ಯಂಗೆ ಎಂತಕ್ಕೆ ಬಿತ್ತು ತಮಾ?" ಎಂದು ಕೇಳಿದರು. ಅವರ ಸಿಟ್ಟು ನ್ಯಾಯದ್ದೇ. ಆದರೆ ಉತ್ತರ ಒಂದು ಮಾತಿನಲ್ಲಿ ಹೇಳುವಂಥದ್ದಲ್ಲ. ಚೆಕ್ಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಬೆಳೆಗಾರರ ಖಾತೆ ಒಂದು ಬ್ಯಾಂಕಿನಲ್ಲಿ, ವ್ಯಾಪಾರಿಯ ಖಾತೆ ಇನ್ನೊಂದು ಬ್ಯಾಂಕಿನಲ್ಲಿ. ಮೊದಲೆಲ್ಲ ಊರಿನ ಬ್ಯಾಂಕುಗಳ ಗುಮಾಸ್ತರು ಒಂದು ಕಡೆ ಸೇರಿ ಚೆಕ್ಕಿನ ಕಟ್ಟುಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಈಗ ಕಾಗದ ಎಲ್ಲಿಗೂ ಹೋಗುವುದಿಲ್ಲ. ಬೆಳೆಗಾರರ ಬ್ಯಾಂಕು ಚೆಕ್ಕನ್ನು ಸ್ಕ್ಯಾನ್ ಮಾಡಿ ಅದರ ಚಿತ್ರವನ್ನೂ ಕೆಳಗಿನ ಅಂಚಿನ ಕಾಂತೀಯ ಶಾಯಿಯ ಅಂಕಿಗಳನ್ನೂ ಕ್ಲಿಯರಿಂಗ್ ಹೌಸಿಗೆ ಕಳಿಸುತ್ತದೆ. ಅಲ್ಲಿಂದ ಅದು ವ್ಯಾಪಾರಿಯ ಬ್ಯಾಂಕಿಗೆ ಹೋಗುತ್ತದೆ. ಆ ಬ್ಯಾಂಕು ಸಹಿ, ದಿನಾಂಕ, ಖಾತೆಯಲ್ಲಿರುವ ಹಣ ನೋಡಿ ಪಾಸು ಮಾಡುತ್ತದೆ, ಇಲ್ಲವೇ ಕಾರಣದ ಸಂಕೇತ ಹಾಕಿ ವಾಪಸು ಕಳಿಸುತ್ತದೆ. ಹಣ ಸಾಲದಿದ್ದರೆ ಆ ಸಂಕೇತ `01`.

2025ರ ಅಕ್ಟೋಬರ್ 4ರಿಂದ ಈ ಓಟ ಇನ್ನೂ ಚುರುಕಾಗಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಚೆಕ್ಕುಗಳ ಚಿತ್ರಗಳು ಬಂದ ಹಾಗೇ ಹೋಗುತ್ತಿರುತ್ತವೆ, ಮತ್ತು ಆ ಕಡೆಯ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಹೌದೋ ಅಲ್ಲವೋ ಹೇಳಬೇಕು. "ಇವತ್ತು ಚೆಕ್ಕು ಕೊಟ್ಟಿರ್ತೇನೆ, ನಾಳೆ ದುಡ್ಡು ತುಂಬ್ತೇನೆ" ಎನ್ನುವ ಮಂಡಿಯ ಹಳೇ ರೂಢಿಗೆ ಈಗ ಜಾಗವಿಲ್ಲ. ಬೆಳಿಗ್ಗೆ ಹಾಕಿದ ಚೆಕ್ಕು ಮಧ್ಯಾಹ್ನದ ಊಟಕ್ಕೆ ಮೊದಲೇ ವ್ಯಾಪಾರಿಯ ಖಾತೆಯ ಬಾಗಿಲು ತಟ್ಟಿರುತ್ತದೆ.

ನಮ್ಮ ವ್ಯಾಪಾರಿಗೂ ಆದದ್ದು ಇದೇ. ಮೋಸ ಮಾಡುವ ಮನಸ್ಸಿನವರಲ್ಲ ಅವರು. ಖಾತೆಯಲ್ಲಿ 84,018 ರೂಪಾಯಿ ಇದೆ, 84,000ದ ಚೆಕ್ಕಿಗೆ ಸಾಕು ಎಂದುಕೊಂಡಿದ್ದರು. ಹೊಸ ಚೆಕ್ ಪುಸ್ತಕದ ಶುಲ್ಕವೆಂದು 118 ರೂಪಾಯಿ ಹೋಗಿದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಸೋಮವಾರ ಚೆಕ್ಕು ಬಂದಾಗ ಖಾತೆಯಲ್ಲಿ ಇದ್ದದ್ದು 83,900. ಬರೀ ನೂರು ರೂಪಾಯಿ ಕಡಿಮೆ. ಚೆಕ್ಕಿಗೆ ಅರ್ಧಂಬರ್ಧ ಎಂಬುದಿಲ್ಲ. ಇದ್ದಷ್ಟು ಕೊಟ್ಟು ಉಳಿದದ್ದು ಬಾಕಿ ಎಂದು ಬರೆಯಲು ಬ್ಯಾಂಕಿಗೆ ಬರುವುದಿಲ್ಲ. ಪೂರ್ತಿ ಕೊಡಬೇಕು, ಇಲ್ಲದಿದ್ದರೆ ಪೂರ್ತಿ ವಾಪಸು.

ಈಗ ದಂಡದ ವಿಷಯ. ವ್ಯಾಪಾರಿಯ ಬ್ಯಾಂಕು ವ್ಯಾಪಾರಿಗೆ 500 ರೂಪಾಯಿ ಹಾಕಿತು, ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 590. ಬೆಳೆಗಾರರ ಬ್ಯಾಂಕು ಬೆಳೆಗಾರರಿಗೆ 150 ರೂಪಾಯಿ ಹಾಕಿತು, ಜಿಎಸ್‌ಟಿ ಸೇರಿ 177. ಈ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಚೆಕ್ಕಿನ ಮೊತ್ತ ದೊಡ್ಡದಾದರೂ ಬೇರೆಯಾಗಬಹುದು. ಆದರೆ ಸಾಮಾನ್ಯವಾಗಿ ಚೆಕ್ಕು ಬರೆದವರಿಗೆ ಹೆಚ್ಚು, ಹಾಕಿದವರಿಗೆ ಕಡಿಮೆ.

ಎರಡೂ ಕಡೆ ಬೀಳುವುದಕ್ಕೆ ಕಾರಣ ಸರಳ. ಚೆಕ್ಕು ಬರೆದ ವ್ಯಾಪಾರಿಗೂ ಬೆಳೆಗಾರರ ಬ್ಯಾಂಕಿಗೂ ಯಾವ ಸಂಬಂಧವೂ ಇಲ್ಲ. ಅವರ ಖಾತೆ ಅಲ್ಲಿಲ್ಲ, ಸಹಿ ಮಾಡಿಕೊಟ್ಟ ಒಪ್ಪಂದ ಇಲ್ಲ. ಆದರೆ ಸ್ಕ್ಯಾನ್ ಮಾಡಿದ್ದು, ಕ್ಲಿಯರಿಂಗಿಗೆ ಕಳಿಸಿದ್ದು, ವಾಪಸು ಬಂದಾಗ ಲೆಕ್ಕ ತಿರುಗಿಸಿ ಬರೆದದ್ದು, ವಾಪಸಿನ ಕಾರಣ ಬರೆದ ರಿಟರ್ನ್ ಮೆಮೊ ಮಾಡಿಕೊಟ್ಟದ್ದು, ಈ ಕೆಲಸವೆಲ್ಲ ಆ ಬ್ಯಾಂಕಿನದು. ಅದರ ಖರ್ಚನ್ನು ಕೇಳಬಹುದಾದದ್ದು ತನ್ನ ಗ್ರಾಹಕರನ್ನು ಮಾತ್ರ. ಆ ಕಡೆಯ ಬ್ಯಾಂಕು ತನ್ನ ಗ್ರಾಹಕನಾದ ವ್ಯಾಪಾರಿಯನ್ನು ಕೇಳುತ್ತದೆ. ಹೀಗೆ ಒಂದೇ ಚೆಕ್ಕಿಗೆ ಎರಡು ಪ್ರತ್ಯೇಕ ಶುಲ್ಕ, ಒಂದಕ್ಕೊಂದು ಗೊತ್ತೇ ಇಲ್ಲದಂತೆ ಬೀಳುತ್ತವೆ.

ನನ್ನ ಮಟ್ಟಿಗೆ ಇವೆರಡೂ ಒಂದೇ ಜಾತಿಯವಲ್ಲ. ವ್ಯಾಪಾರಿಯದು ನಿಜವಾದ ದಂಡ, ಹಣವಿಲ್ಲದೆ ಚೆಕ್ಕು ಬರೆಯದಿರಲಿ ಎಂದು ಹಾಕುವಂಥದ್ದು. ಬೆಳೆಗಾರರದು ಕೆಲಸದ ಕೂಲಿ. ಪಾಸ್‌ಬುಕ್ಕಿನಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು, ಮನಸ್ಸಿಗೆ ನೋವಾಗುವುದು ಅದರಿಂದಲೇ. ಈ ವ್ಯತ್ಯಾಸ ತೆರಿಗೆಯವರಿಗೂ ಕಂಡಿದೆ. ಚೆಕ್ಕು ಅಮಾನ್ಯವಾದುದಕ್ಕೆ ಹಾಕುವ ದಂಡ ಯಾವ ಸೇವೆಯ ಬೆಲೆಯೂ ಅಲ್ಲ, ಅದಕ್ಕೆ ಜಿಎಸ್‌ಟಿ ಇಲ್ಲ ಎಂದು 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಹೇಳಿದ್ದಾರೆ. ಆದರೂ ಬ್ಯಾಂಕುಗಳ ದರಪಟ್ಟಿಯಲ್ಲಿ ಇದನ್ನು ಶುಲ್ಕವೆಂದು ಬರೆದು ಜಿಎಸ್‌ಟಿ ಸೇರಿಸುವುದನ್ನು ಕಾಣುತ್ತೇವೆ. ವ್ಯಾಪಾರಿಗಳು ತಮ್ಮ ಶಾಖೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು.

ಬೆಳೆಗಾರರ ಪಾಸ್‌ಬುಕ್ಕಿನ ಪುಟ ಹೀಗಿತ್ತು. ಚೆಕ್ಕು ಹಾಕುವ ಮೊದಲು ಖಾತೆಯಲ್ಲಿ 12,400 ರೂಪಾಯಿ ಇತ್ತು.

```
CLG CHQ DEP            84,000.00 CR  96,400.00
CHQ RTN 01 FUNDS INSUF 84,000.00 DR  12,400.00
CHQ RTN CHG INCL GST      177.00 DR  12,223.00
```

ನಡುವಿನ ಸಾಲು ನೋಡಿ ಅವರ ಎದೆ ಧಸಕ್ಕೆಂದಿತ್ತು. ತಮ್ಮ ಹಣದಲ್ಲೇ 84,000 ಕಳೆದುಬಿಟ್ಟರು ಎಂದು ತಿಳಿದಿದ್ದರು. ಹಾಗಲ್ಲ. ಮೊದಲ ಸಾಲಿನ ಜಮಾ ತಾತ್ಕಾಲಿಕವಾದದ್ದು, ಹಣ ಇನ್ನೂ ಕೈಗೆ ಬಂದಿರುವುದಿಲ್ಲ. ಹಾಗಾಗಿ ಲೆಕ್ಕದ ಬ್ಯಾಲೆನ್ಸ್ 96,400 ಎಂದು ಕಂಡರೂ ತೆಗೆಯಲು ಸಿಗುವ ಬ್ಯಾಲೆನ್ಸ್ 12,400 ಮಾತ್ರ. ಎರಡನೇ ಸಾಲು ಆ ಜಮಾವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ ಅಷ್ಟೆ. ಚೆಕ್ಕಿನ ನಂಬರ್ ಮತ್ತು ಮೊತ್ತ ಎರಡೂ ಸಾಲಿನಲ್ಲಿ ಒಂದೇ ಆಗಿದ್ದರೆ ಅದು ಜೋಡಿ ನಮೂದು ಎಂದು ಖಚಿತ. ನಿಜವಾಗಿ ಕಳೆದುಹೋದದ್ದು ಮೂರನೇ ಸಾಲಿನ 177 ಮಾತ್ರ. ಕೆಲವು ಬ್ಯಾಂಕುಗಳು ಚೆಕ್ಕು ಪಾಸಾಗುವವರೆಗೆ ಜಮಾ ಬರೆಯುವುದೇ ಇಲ್ಲ. ಅಲ್ಲಿ ಮೊದಲ ಎರಡು ಸಾಲು ಇರುವುದಿಲ್ಲ, ಯಾವುದಕ್ಕೆ ಎಂದು ತಿಳಿಯದ ಒಂಟಿ 177 ಮಾತ್ರ ಕಾಣುತ್ತದೆ.

ಈ ಜೋಡಿ ನಮೂದಿನಿಂದ ಇನ್ನೊಂದು ತೊಡಕಿದೆ. ಸಾಲಕ್ಕೋ ತೆರಿಗೆಗೋ ಯಾರಾದರೂ ಜಮಾದ ಕಾಲಮ್ಮನ್ನು ಮಾತ್ರ ಕೂಡಿದರೆ, ಎರಡು ಸಲ ವಾಪಸು ಬಂದ ಚೆಕ್ಕು 1,68,000 ರೂಪಾಯಿ ಆದಾಯದಂತೆ ಕಾಣುತ್ತದೆ. ಲೆಕ್ಕ ಬರೆಯುವವರಿಗೆ ವಾಪಸಿನ ಸಾಲುಗಳನ್ನು ಗುರುತು ಮಾಡಿ ಕೊಡುವುದು ಒಳ್ಳೆಯದು.

ಎರಡನೇ ಸಲ ವಾಪಸು ಬಂದದ್ದೇಕೆ? ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. ಸೋಮವಾರ ಮಧ್ಯಾಹ್ನ ವ್ಯಾಪಾರಿಗೆ ಮೆಸೇಜು ಬಂತು. ಮೊಬೈಲಿನಲ್ಲಿ ಬ್ಯಾಲೆನ್ಸ್ ನೋಡಿದರು, 83,900 ಇತ್ತು. ತಕ್ಷಣ ಶಾಖೆಗೆ ಹೋಗಿ 500 ರೂಪಾಯಿ ತುಂಬಿ ಫೋನು ಮಾಡಿದರು: "ನೂರು ರೂಪಾಯಿ ಕಮ್ಮಿ ಇತ್ತು ಮಾರಾಯ್ರೆ, ತುಂಬಿದ್ದೇನೆ, ನಾಳೆ ಮತ್ತೆ ಹಾಕಿ." ಆಗ ಖಾತೆಯಲ್ಲಿ 84,400 ಇದ್ದದ್ದೂ ನಿಜ. ಆದರೆ ವಾಪಸಿನ ಶುಲ್ಕವನ್ನು ಕೆಲವು ಬ್ಯಾಂಕುಗಳು ಆ ಕ್ಷಣವೇ ಕಳೆಯುತ್ತವೆ, ಕೆಲವು ದಿನದ ಲೆಕ್ಕ ಮುಗಿಸುವಾಗ ಕಳೆಯುತ್ತವೆ. ಇವರದು ಎರಡನೇ ಬಗೆಯದು. ರಾತ್ರಿ ನಡೆದದ್ದು ಹೀಗೆ:

```
CASH DEP           500.00 CR  84,400.00
I/W CHQ RTN CHG    500.00 DR  83,900.00
CGST                45.00 DR  83,855.00
SGST                45.00 DR  83,810.00
```

ಮಂಗಳವಾರ ಚೆಕ್ಕು ಮತ್ತೆ ಬಂತು. ಈ ಸಲ 190 ರೂಪಾಯಿ ಕಡಿಮೆ. ಮೊದಲನೇ ವಾಪಸಿನ ದಂಡವೇ ಎರಡನೇ ವಾಪಸಿಗೆ ಕಾರಣವಾಯಿತು. ಇನ್ನೊಂದು 590 ಹೋಗಿ ಖಾತೆಯಲ್ಲಿ ಉಳಿದದ್ದು 83,220. ಬೆಳೆಗಾರರಿಗೂ ಇನ್ನೊಂದು 177. ನೂರು ರೂಪಾಯಿಯ ಕೊರತೆಗೆ ಎರಡೂ ಕಡೆ ಸೇರಿ 1,534 ರೂಪಾಯಿ ಕರಗಿತು. ಸೋಮವಾರವೇ ಕೊರತೆಯ 100 ಮತ್ತು ಶುಲ್ಕದ 590 ಸೇರಿಸಿ 690 ತುಂಬಿದ್ದರೆ ಚೆಕ್ಕು ಪಾಸಾಗುತ್ತಿತ್ತು.

ಖಾತೆಯಲ್ಲಿ ಹಣವೇ ಇಲ್ಲದಿದ್ದರೆ ಲೆಕ್ಕ ಇನ್ನೂ ಮೋಸಗೊಳಿಸುತ್ತದೆ. ಶುಲ್ಕ ಆಗ ಸ್ಟೇಟ್‌ಮೆಂಟಿನಲ್ಲಿ ಕಾಣದೆ, ಬಾಕಿಯಾಗಿ ನಿಂತಿರಬಹುದು. ಮುಂದೆ ಯಾವಾಗಲೋ ಹಣ ಬಿದ್ದೊಡನೆ ಅದು ಅಷ್ಟನ್ನು ನುಂಗುತ್ತದೆ, ಮತ್ತು ಆ ದಿನದ ತಾರೀಖಿನಲ್ಲೇ ಬರುವುದರಿಂದ ಯಾವ ಚೆಕ್ಕಿಗೆ ಸೇರಿದ್ದೆಂದು ತಿಳಿಯುವುದಿಲ್ಲ. ಲೆಕ್ಕದ ಬ್ಯಾಲೆನ್ಸಿಗೂ ತೆಗೆಯಲು ಸಿಗುವ ಬ್ಯಾಲೆನ್ಸಿಗೂ ಅಂತರ ಕಂಡರೆ ಲೀನ್ ಎಂಬ ತಡೆ ಇದೆಯೇ ಎಂದು ಶಾಖೆಯಲ್ಲಿ ಕೇಳಿ. ಚೆಕ್ಕು ಮತ್ತೆ ಹಾಕಿಸುವ ಮೊದಲು ನೋಡಬೇಕಾದದ್ದು ತೆಗೆಯಲು ಸಿಗುವ ಬ್ಯಾಲೆನ್ಸನ್ನೇ, ಅದೂ ಮರುದಿನ ಬೆಳಿಗ್ಗೆ.

ಎಲ್ಲ ವಾಪಸಿಗೂ ಶುಲ್ಕ ಹಾಕುವಂತಿಲ್ಲ ಎಂಬುದೂ ಗೊತ್ತಿರಲಿ. ಚಿತ್ರ ಸ್ಪಷ್ಟವಾಗಿ ಬರಲಿಲ್ಲ ಎಂಬಂಥ, ಗ್ರಾಹಕರ ಕೈಯಲ್ಲಿಲ್ಲದ ಕಾರಣಕ್ಕೆ ಚೆಕ್ಕು ತಿರುಗಿ ಬಂದರೆ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಶುಲ್ಕವಿಲ್ಲ. ಬ್ಯಾಂಕೇ ರಜೆ ಬಿಟ್ಟು 24 ಗಂಟೆಯೊಳಗೆ ಅದನ್ನು ಮತ್ತೆ ಕಳಿಸಿ ಗ್ರಾಹಕರಿಗೆ ಮೆಸೇಜು ಮಾಡಬೇಕು. ಆದ್ದರಿಂದ ಮೆಮೊದ ಕಾರಣ ಓದದೆ ಶುಲ್ಕವನ್ನು ಒಪ್ಪಿಕೊಳ್ಳಬೇಡಿ. ಮೆಮೊ ಮತ್ತು ವಾಪಸು ಬಂದ ಮೂಲ ಚೆಕ್ಕು ಎರಡನ್ನೂ ಜೋಪಾನ ಮಾಡಿ. ವ್ಯವಹಾರ ಕೆಟ್ಟರೆ, ಹಣ ಕೊಡಿ ಎಂದು ಚೆಕ್ಕು ಬರೆದವರಿಗೆ ಕಳಿಸುವ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ನೋಟಿಸನ್ನು ವಾಪಸಿನ ಸುದ್ದಿ ತಿಳಿದ 30 ದಿನದೊಳಗೆ ಕಳಿಸಬೇಕು, ಆಗ ಅವೆರಡೂ ಬೇಕಾಗುತ್ತವೆ.

ನಮ್ಮವರಿಗೆ ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ. ಎರಡೂ ಮೆಮೊ ತೋರಿಸಿದಾಗ ವ್ಯಾಪಾರಿ 177ರ ಎರಡು ಸಾಲನ್ನೂ ತಾವೇ ಹೊರುತ್ತೇನೆಂದು ಒಪ್ಪಿದರು, ಕೊರತೆ ತುಂಬಿ 84,354 ರೂಪಾಯಿಯನ್ನು ನೆಫ್ಟ್ ಮೂಲಕ ಕಳಿಸಿದರು. ಅಷ್ಟರಲ್ಲಿ ಬೆಳೆಗಾರರ ಖಾತೆ 12,046ಕ್ಕೆ ಇಳಿದಿತ್ತು. ಹಣ ಬಿದ್ದ ಮೇಲೆ ಪಾಸ್‌ಬುಕ್ ಬರೆಸಿಕೊಂಡು ಬಂದು ಕೊನೆಯ ಸಾಲಿಗೆ ಬೆರಳಿಟ್ಟು ತೋರಿಸಿದರು. 96,400 ಇತ್ತು, ಸೋಮವಾರ ಬೆಳಿಗ್ಗೆ ಮೊದಲ ಸಾಲಿನಲ್ಲಿ ಕಂಡಿದ್ದ ಅದೇ ಅಂಕಿ. ಈ ಸಲ ತೆಗೆಯಲು ಸಿಗುವ ಬ್ಯಾಲೆನ್ಸೂ ಅಷ್ಟೇ ಇತ್ತು.