ಕುಕ್ ಬಾಟನಿ ಬೇಯಲ್ಲಿ ಇಳಿದದ್ದು 28ಕ್ಕೋ 29ಕ್ಕೋ? ಹಡಗಿನ ಲಾಗ್‌ನಿಂದ ತಾರೀಖು ಹಿಡಿಯುವ ಬಗೆ

ನಮ್ಮ ಅಕ್ಕನ ಮಗಳು ಹುಟ್ಟಿದ್ದು ವಿಜಯಪುರದಲ್ಲಿ, ನಸುಕಿನ 3 ಗಂಟೆಗೆ. ಆಸ್ಪತ್ರೆಯ ಕಾಗದದಲ್ಲಿ ಗುರುವಾರ ಅಂತ ಇದೆ. ಅವ್ವ ಮಾತ್ರ ಇವತ್ತಿಗೂ ‘ಕೂಸು ಬುಧವಾರದ್ದು’ ಅನ್ನುತ್ತಾಳೆ. ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಆಸ್ಪತ್ರೆಯ ವಾರ ನಡುರಾತ್ರಿಗೆ. ನಮ್ಮ ಓಣಿಯ ಮುಸ್ಲಿಂ ಮನೆಗಳಲ್ಲಿ ಹಿಜರಿ ದಿನ ಹೊತ್ತು ಮುಳುಗಿದಾಗಲೇ ಶುರುವಾಗುತ್ತದೆ. ಒಂದೇ ಊರಿನಲ್ಲಿ ದಿನ ಮೂರು ಬೇರೆ ಬೇರೆ ಹೊತ್ತಿಗೆ ಹುಟ್ಟುತ್ತದೆ, ಮೂರೂ ಸರಿ. ಇದನ್ನು ಬಲ್ಲವರಿಗೆ ಈ ಟಿಪ್ಪಣಿಯ ಅರ್ಧ ಕೆಲಸ ಈಗಾಗಲೇ ಮುಗಿದಿದೆ. 18ನೇ ಶತಮಾನದ ಹಡಗಿನಲ್ಲಿ ದಿನ ಹುಟ್ಟುತ್ತಿದ್ದದ್ದು ನಾಲ್ಕನೆಯ ಹೊತ್ತಿಗೆ, ಅಂದರೆ ನಡುಮಧ್ಯಾಹ್ನಕ್ಕೆ.

ನಮ್ಮ ಓದುವ ಗುಂಪಿನಲ್ಲಿ ಕಳೆದ ವಾರ ಎದ್ದ ಪ್ರಶ್ನೆ ಇದು. ಜೇಮ್ಸ್ ಕುಕ್‌ನ ಎಂಡೆವರ್ ಹಡಗು 1770ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಬಾಟನಿ ಬೇಗೆ ಬಂದು ಲಂಗರು ಹಾಕಿತು. ಕುಕ್‌ನ ದಿನಚರಿಯಲ್ಲಿ ಇದು ಭಾನುವಾರ 29ರ ಕೆಳಗೆ ಇದೆ. ಅದೇ ಹಡಗಿನಲ್ಲಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್‌ನ ದಿನಚರಿಯಲ್ಲಿ 28ರ ಕೆಳಗೆ ಇದೆ. ಇಬ್ಬರೂ ಕಣ್ಣಾರೆ ಕಂಡು ಬರೆದವರು. ‘ಯಾರೋ ಒಬ್ಬರು ಮರೆತು ತಪ್ಪು ಬರೆದಿರಬೇಕು’ ಅಂತ ನಮ್ಮಲ್ಲಿ ಹಲವರು ಹೇಳಿದರು. ಯಾರೂ ಮರೆತಿಲ್ಲ. ಒಬ್ಬೊಬ್ಬರ ದಿನ ಎಲ್ಲಿಂದ ಶುರು ಅನ್ನುವುದನ್ನು ಮೊದಲು ಹಿಡಿಯಬೇಕು.

ಹಡಗಿನ ಲಾಗ್ ಅಂದರೆ ಗಂಟೆಗಂಟೆಯ ಲೆಕ್ಕದ ಪುಸ್ತಕ. ವೇಗ ಎಷ್ಟು ನಾಟ್, ಯಾವ ದಿಕ್ಕಿಗೆ ಹೊರಟಿದೆ, ಗಾಳಿ ಎಲ್ಲಿಂದ, ಕೊನೆಗೆ ವಿಶೇಷ ಸಂಗತಿ. ಪುಟದ ಮೊದಲ ಸಾಲು ರಾತ್ರಿಯದಲ್ಲ, ಮಧ್ಯಾಹ್ನ 1 ಗಂಟೆಯದು. ಅಲ್ಲಿಂದ ರಾತ್ರಿ 12, ಮುಂದೆ ಮರುದಿನ ಬೆಳಗು, ಮತ್ತೆ ಮಧ್ಯಾಹ್ನ 12ಕ್ಕೆ ಪುಟ ಮುಗಿಯುತ್ತದೆ. ಕಾರಣ ಸರಳ. ಸಮುದ್ರದ ಮೇಲೆ ನಂಬಬಹುದಾದ ಗಳಿಗೆ ಅಂದರೆ ಸೂರ್ಯ ನೆತ್ತಿಗೆ ಬರುವ ಗಳಿಗೆ. ಆಗ ಅಕ್ಷಾಂಶ ಅಳೆದು, ಹಿಂದಿನ 24 ಗಂಟೆಯ ಲೆಕ್ಕ ಕಟ್ಟುತ್ತಿದ್ದರು. ಆ ಲೆಕ್ಕ ಮುಗಿದ ದಿನದ ತಾರೀಖೇ ಇಡೀ ಪುಟಕ್ಕೆ. ಹಾಗಾಗಿ ಕುಕ್‌ನ ‘ಭಾನುವಾರ 29’ ಶುರುವಾಗುವುದು ನಮ್ಮ ಲೆಕ್ಕದ ಶನಿವಾರ 28ರ ಮಧ್ಯಾಹ್ನಕ್ಕೆ. ಅವನ ಪುಟದಲ್ಲಿ ಮಧ್ಯಾಹ್ನದ ನಂತರದ್ದು ಮೊದಲು ಬರುತ್ತದೆ, ಬೆಳಗಿನದು ಆಮೇಲೆ. ಓದುವಾಗ ಎಲ್ಲರೂ ಎಡವುವುದು ಇಲ್ಲೇ. ಬ್ರಿಟಿಷ್ ನೌಕಾಪಡೆ ಈ ಪದ್ಧತಿಯನ್ನು ಬಿಟ್ಟದ್ದು 1805ರಲ್ಲಿ.

ಈಗ ಎರಡೂ ಪುಟಗಳನ್ನು ಪಕ್ಕಪಕ್ಕ ಇಡಿ. ತೆಂಕಣ ಗಾಳಿಯಲ್ಲಿ ಕೊಲ್ಲಿಯೊಳಗೆ ಬಂದು ದಕ್ಷಿಣ ದಡದ ಬಳಿ ಲಂಗರು ಹಾಕಿದೆವು ಎಂದು ಕುಕ್ ಬರೆದದ್ದು 29ರ ಮಧ್ಯಾಹ್ನದ ನಂತರದ ಭಾಗದಲ್ಲಿ. ಊಟವಾದ ಮೇಲೆ ದೋಣಿಗಳಲ್ಲಿ ದಡಕ್ಕೆ ಹೊರಟೆವು ಅಂತ ಬ್ಯಾಂಕ್ಸ್ ಬರೆದದ್ದು 28ಕ್ಕೆ. ಬ್ಯಾಂಕ್ಸ್ ನಾವಿಕನಲ್ಲ. ಅವನ ದಿನ ನಡುರಾತ್ರಿಗೆ ಬದಲಾಗುವ ಊರಿನ ದಿನ. ಎರಡೂ ಒಂದೇ ಮಧ್ಯಾಹ್ನ. ಜಗಳ ಮುಗಿಯಿತು, ಉತ್ತರ 28.

ಅಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋದಂತೆ. ನಮ್ಮ ಗುಂಪು ಅಷ್ಟಕ್ಕೇ ನಿಲ್ಲಿಸಿತ್ತು.

ಎಂಡೆವರ್ ಇಂಗ್ಲೆಂಡಿನಿಂದ ಪಶ್ಚಿಮಕ್ಕೆ ಹೊರಟಿತ್ತು. ದಕ್ಷಿಣ ಅಮೆರಿಕದ ತುದಿ ಸುತ್ತಿ, ತಾಹಿತಿ, ನ್ಯೂಜಿಲೆಂಡ್ ದಾಟಿ ಇಲ್ಲಿಗೆ ಬಂದಿತ್ತು. ಪಶ್ಚಿಮಕ್ಕೆ ಹೋದಂತೆ ಪ್ರತಿ 15 ಡಿಗ್ರಿಗೆ ಹಡಗಿನ ಹೊತ್ತು ಗ್ರೀನಿಚ್‌ಗಿಂತ ಒಂದು ಗಂಟೆ ಹಿಂದೆ ಬೀಳುತ್ತದೆ. ಕುಕ್ ಬಾಟನಿ ಬೇಯ ರೇಖಾಂಶವನ್ನು ಪಶ್ಚಿಮಕ್ಕೇ ಎಣಿಸಿ 208 ಡಿಗ್ರಿ 37 ಮಿನಿಟು ಎಂದು ಕೊಟ್ಟಿದ್ದಾನೆ. ಇದನ್ನು 15ರಿಂದ ಭಾಗಿಸಿ ನೋಡಿ, ಸುಮಾರು 13 ಗಂಟೆ 54 ನಿಮಿಷ. ಅಂದರೆ ಹಡಗು ಗ್ರೀನಿಚ್‌ಗಿಂತ ಅಷ್ಟು ಹಿಂದಿದೆ ಎಂಬ ಲೆಕ್ಕದಲ್ಲಿ ತಾರೀಖು ಎಣಿಸುತ್ತಿದೆ. ಅದೇ ಜಾಗವನ್ನು ಪೂರ್ವಕ್ಕೆ ಎಣಿಸಿದರೆ 360ರಿಂದ ಕಳೆದು 151 ಡಿಗ್ರಿ 23 ಮಿನಿಟು ಆಗುತ್ತದೆ. ಆಗ ಅಲ್ಲಿಯ ಹೊತ್ತು ಗ್ರೀನಿಚ್‌ಗಿಂತ 10 ಗಂಟೆ 6 ನಿಮಿಷ ಮುಂದೆ. ಹಿಂದಿನ 13:54, ಮುಂದಿನ 10:06, ಎರಡನ್ನೂ ಕೂಡಿಸಿ. ಸರಿಯಾಗಿ 24 ಗಂಟೆ. ಗಡಿಯಾರದ ಮುಳ್ಳು ಎರಡೂ ಲೆಕ್ಕದಲ್ಲಿ ಒಂದೇ ಕಡೆ ಇರುತ್ತದೆ, ತಾರೀಖು ಮಾತ್ರ ಒಂದು ದಿನ ಹಿಂದೆ. 180 ಡಿಗ್ರಿ ದಾಟಿದಾಗ ಕೂಡಿಸಬೇಕಿದ್ದ ಆ ದಿನವನ್ನು ಹಡಗಿನಲ್ಲಿ ಯಾರೂ ಕೂಡಿಸಿರಲಿಲ್ಲ.

ಹಾಗಾದರೆ ಬ್ಯಾಂಕ್ಸ್‌ನ 28ಕ್ಕೆ ಒಂದು ದಿನ ಕೂಡಿಸಬೇಕು, 29 ಆಗುತ್ತದೆ. ಕುಕ್‌ನ 29ರಿಂದ ಹಡಗಿನ ದಿನಕ್ಕಾಗಿ ಒಂದು ಕಳೆದು, ಬಿಟ್ಟುಹೋದ ದಿನಕ್ಕಾಗಿ ಒಂದು ಕೂಡಿಸಬೇಕು, ಮತ್ತೆ 29. ಕುಕ್‌ನ ಪುಟದಲ್ಲಿ ಎರಡು ವ್ಯತ್ಯಾಸ ಒಂದನ್ನೊಂದು ನುಂಗಿಹಾಕಿ, ಇವತ್ತಿನ ಆಸ್ಟ್ರೇಲಿಯಾದ ಲೆಕ್ಕಕ್ಕೆ ಸರಿಯಾದ ತಾರೀಖೇ ಉಳಿದಿದೆ. ಸರಿ ಉತ್ತರ ಸಿಕ್ಕಿತೆಂದು ದಾರಿಯೂ ಸರಿಯೆಂದು ತಿಳಿಯಬಾರದು. ಬೆಳಗಿನ ಹೊತ್ತಿನ ಘಟನೆ ತಗೊಂಡರೆ ಇದು ಗೊತ್ತಾಗುತ್ತದೆ.

ಒಂಬತ್ತು ಹತ್ತು ದಿನ ಹಿಂದಕ್ಕೆ ಹೋಗೋಣ. ಈ ಕರಾವಳಿಯನ್ನು ಮೊದಲು ಕಂಡವನು ಲೆಫ್ಟಿನೆಂಟ್ ಹಿಕ್ಸ್, ಬೆಳಗಿನ 6 ಗಂಟೆಗೆ. ಕುಕ್‌ನ ಪುಟದಲ್ಲಿ ಗುರುವಾರ 19. ಬೆಳಗು ಅಂದರೆ ಹಡಗಿನ ದಿನದ ಎರಡನೆಯ ಅರ್ಧ. ಅಲ್ಲಿ ಹಡಗಿನ ತಾರೀಖೂ ಊರಿನ ತಾರೀಖೂ ಒಂದೇ, ಕಳೆಯುವುದು ಏನೂ ಇಲ್ಲ. ಬಿಟ್ಟುಹೋದ ದಿನ ಮಾತ್ರ ಕೂಡಿಸಬೇಕು. ಉತ್ತರ ಶುಕ್ರವಾರ 20. ಬ್ಯಾಂಕ್ಸ್ ಕೂಡ ಇದನ್ನು 19ಕ್ಕೇ ಬರೆದಿದ್ದಾನೆ. ಇಬ್ಬರೂ ಒಂದೇ ಮಾತು ಹೇಳುತ್ತಾರೆ, ಇಬ್ಬರ ಲೆಕ್ಕವೂ ಒಂದು ದಿನ ಹಿಂದೆ! ನನಗೆ ಈ ಇಡೀ ಓದಿನಲ್ಲಿ ತಟ್ಟಿದ್ದು ಇದೇ. ಎರಡು ದಿನಚರಿ ಹೊಂದಿದವು ಅಂದಕೂಡಲೇ ಎರಡು ಸಾಕ್ಷಿ ಸಿಕ್ಕಿತು ಅಂತ ನಾವು ಬರೆದುಕೊಳ್ಳುತ್ತೇವೆ. ಒಂದೇ ಹಡಗಿನಲ್ಲಿ ಒಂದೇ ಲೆಕ್ಕ ಹಿಡಿದು ಬಂದವರು ಎಷ್ಟೇ ಜನ ಬರೆದರೂ ತಾರೀಖಿನ ಮಟ್ಟಿಗೆ ಸಾಕ್ಷಿ ಒಂದೇ. ಹೊರಗಿನವರ ಲೆಕ್ಕ ಬೇಕು.

ಆ ಹೊರಗಿನ ಲೆಕ್ಕ ಸಿಗುವುದು ಬಂದರಿನಲ್ಲಿ. 1770ರ ಅಕ್ಟೋಬರ್‌ನಲ್ಲಿ ಹಡಗು ಡಚ್ಚರ ಬಟಾವಿಯಾ ಸೇರಿತು, ಇವತ್ತಿನ ಜಕಾರ್ತ. ಡಚ್ಚರು ಪೂರ್ವಕ್ಕೆ ಹಾಯ್ದು ಬಂದು ನೆಲೆಸಿದವರು, ಅವರ ತಾರೀಖು ಆ ಕಡೆಯಿಂದ ಬಂದದ್ದು. ಕುಕ್ ಅಲ್ಲಿ ತನ್ನ ಪುಟದ ತಲೆಗೇ ಬರೆದುಕೊಂಡ: ನಮ್ಮ ಲೆಕ್ಕಕ್ಕೆ ಬುಧವಾರ 10, ಇಲ್ಲಿನ ಜನರ ಲೆಕ್ಕಕ್ಕೆ ಗುರುವಾರ 11. ಅಂತರ ಒಂದು ದಿನ, ವಾರದ ಹೆಸರಿನಲ್ಲೂ ಅಷ್ಟೇ. ವಾರವನ್ನು ಜೊತೆಗೆ ನೋಡುವುದು ನಮ್ಮ ಶಾಸನ ಓದುವವರಿಗೆ ಹೊಸದಲ್ಲ. ತಿಥಿಗೂ ವಾರಕ್ಕೂ ತಾಳೆ ನೋಡಿಯೇ ಅವರು ತಾರೀಖು ಹೇಳುವುದು. ಇಲ್ಲಿ ಒಂದು ಎಚ್ಚರ ಬೇಕು. ವಾರ, ತಾರೀಖು ಎರಡೂ ಕೂಡಿಯೇ ಹಿಂದೆ ಬಿದ್ದಿದ್ದರೆ ಪಟ್ಟಿಯಲ್ಲಿ ನೋಡಿದಾಗ ಎರಡೂ ಹೊಂದುತ್ತವೆ. 1770ರ ಏಪ್ರಿಲ್ 19 ನಿಜಕ್ಕೂ ಗುರುವಾರವೇ. ಬರೆದವನು ಕೈತಪ್ಪಿದ್ದರೆ ವಾರ ಹಿಡಿದುಕೊಡುತ್ತದೆ, ಇಡೀ ದಿನವೇ ಬಿಟ್ಟುಹೋಗಿದ್ದರೆ ಹಿಡಿದುಕೊಡಲಾರದು.

ದಿನ ಬಿಟ್ಟುಹೋದದ್ದು ಎಲ್ಲಿ ಅಂತ ಬಟಾವಿಯಾ ಒಂದೇ ಹೇಳದು. ಅದಕ್ಕೆ ಇನ್ನೊಂದು ತುದಿ ಬೇಕು, ಆ ತುದಿ ಆಕಾಶದಲ್ಲಿದೆ. 1769ರ ಜೂನ್ 3ರಂದು ಶುಕ್ರಗ್ರಹ ಸೂರ್ಯನ ಮುಂದೆ ಹಾಯ್ದದ್ದನ್ನು ಕುಕ್ ತಾಹಿತಿಯಲ್ಲಿ ನೋಡಿದ. ಯುರೋಪಿನಲ್ಲೂ ಅದನ್ನು ಅದೇ ದಿನ ನೋಡಿದ್ದಾರೆ. ಅಲ್ಲಿಯವರೆಗೆ ತಾರೀಖು ಸರಿ ಇತ್ತು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ತಾಹಿತಿಯಿಂದ ಬಟಾವಿಯಾದ ನಡುವೆ ಎಲ್ಲೋ ದಿನ ಹೋಗಿದೆ. ನಾವು ಅದನ್ನು 180 ಡಿಗ್ರಿಯಲ್ಲಿ, ಅಂದರೆ ನ್ಯೂಜಿಲೆಂಡ್ ಕಾಣುವ ಹೊತ್ತಿಗೆ ಇಡುತ್ತೇವೆ. ಇದು ನಮ್ಮ ಇಂದಿನ ಒಪ್ಪಂದ. 1770ರಲ್ಲಿ ದಿನರೇಖೆ ಅಂತ ಒಂದನ್ನು ಯಾರೂ ಗೊತ್ತುಮಾಡಿರಲಿಲ್ಲ. ಆದ್ದರಿಂದ ಟಿಪ್ಪಣಿ ಬರೆಯುವಾಗ ‘ಕುಕ್ ತಪ್ಪು ಬರೆದ’ ಎಂದು ಬರೆಯಬೇಡಿ. ‘ಹಡಗಿನ ಲೆಕ್ಕಕ್ಕೆ 19, ಇಂದಿನ ಸ್ಥಳೀಯ ಲೆಕ್ಕಕ್ಕೆ 20’ ಎಂದು ಎರಡನ್ನೂ ಬರೆಯಿರಿ.

ಪತ್ರಗಳ ಬಗ್ಗೆ ಒಂದು ಮಾತು. ಬಟಾವಿಯಾದಿಂದ ಕುಕ್ 1770ರ ಅಕ್ಟೋಬರ್ 23ರಂದು ನೌಕಾ ಇಲಾಖೆಗೆ ಪತ್ರ ಕಳಿಸಿದ. ಇಡೀ ಪ್ರಯಾಣದಲ್ಲಿ ಕಾಯಿಲೆಯಿಂದ ಒಬ್ಬನನ್ನೂ ಕಳಕೊಂಡಿಲ್ಲ ಎಂದು ಅದರಲ್ಲಿ ಬರೆದಿದ್ದಾನೆ. ಆದರೆ ಅವನದೇ ದಿನಚರಿಯಲ್ಲಿ ಮೇ 1ರ ಪುಟ ತೆಗೆದರೆ, ನಾವಿಕ ಸದರ್ಲೆಂಡ್ ತೀರಿಕೊಂಡದ್ದು, ಅವನನ್ನು ದಡದಲ್ಲಿ ಮಣ್ಣು ಮಾಡಿದ್ದು, ಅಲ್ಲಿಯ ಮೊನೆಗೆ ಅವನ ಹೆಸರಿಟ್ಟದ್ದು ಎಲ್ಲ ಇದೆ. ಅವನು ಸತ್ತದ್ದು ಕ್ಷಯದಿಂದ. ಕುಕ್‌ನ ಮನಸ್ಸಿನಲ್ಲಿದ್ದದ್ದು ಹಡಗುಗಳನ್ನೇ ಖಾಲಿ ಮಾಡುತ್ತಿದ್ದ ಸ್ಕರ್ವಿ ಇರಬೇಕು ಅಂತ ನನಗೆ ಅನಿಸುತ್ತದೆ. ಮೇಲಿನವರಿಗೆ ಬರೆದ ಪತ್ರ ತಿಂಗಳುಗಳನ್ನು ಒಂದು ಸಾಲಿಗೆ ಇಳಿಸುತ್ತದೆ. ಬರೆದ ತಾರೀಖಿನ ಆಚೆಗೆ ಅದು ಏನೂ ಹೇಳುವುದೂ ಇಲ್ಲ. ಆ ಪತ್ರ ಹೋದ ಕೆಲವೇ ದಿನಕ್ಕೆ ಬಟಾವಿಯಾದ ಜ್ವರಕ್ಕೆ ಹಡಗಿನ ವೈದ್ಯನೇ ತೀರಿಕೊಂಡ, ಹಿಂದೆಯೇ ಇನ್ನೂ ಹಲವರು. ಸಾವಿನ ತಾರೀಖಿಗೆ ಹಡಗಿನ ಹಾಜರಿ ಪುಸ್ತಕವನ್ನೇ ನೋಡಬೇಕು. ಅದರ ಮೇಲೆ ಸಂಬಳದ ಲೆಕ್ಕ ನಿಂತಿತ್ತು.

ದಿನಚರಿಯೂ ಆಯಾ ರಾತ್ರಿಯೇ ಬರೆದದ್ದು ಅಂತ ತಿಳಿಯಬೇಡಿ. ಕುಕ್ ಆ ಕೊಲ್ಲಿಗೆ ಮೊದಲು ಇಟ್ಟ ಹೆಸರು ಸ್ಟಿಂಗ್‌ರೇ ಹಾರ್ಬರ್, ಅಲ್ಲಿ ಸಿಕ್ಕ ದೊಡ್ಡ ತೊರಕೆ ಮೀನುಗಳಿಂದ. ಬಾಟನಿ ಬೇ ಅನ್ನುವುದು ಆಮೇಲೆ ತಿದ್ದಿ ಬರೆದ ಹೆಸರು. ಹಾಗಾಗಿ ಮೇ ತಿಂಗಳ ಪುಟದಲ್ಲಿ ಬಾಟನಿ ಬೇ ಅಂತ ನೀಟಾಗಿ ಬರೆದ ಪ್ರತಿ ಸಿಕ್ಕರೆ ಅದು ಆಮೇಲೆ ನಕಲಿಳಿಸಿದ್ದು. ಘಟನೆಯ ತಾರೀಖು, ಪುಟ ಬರೆದ ತಾರೀಖು, ಎರಡು ಬೇರೆ.

ಕೊನೆಗೆ ನೀವೇ ಮಾಡಿ ನೋಡಲು ಒಂದು. 1770ರ ಜೂನ್‌ನಲ್ಲಿ ರಾತ್ರಿ 11ರ ಸುಮಾರಿಗೆ ಹಡಗು ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳದ ದಿಬ್ಬಕ್ಕೆ ಬಡಿದು ಕೂತಿತು. ಕುಕ್‌ನಲ್ಲಿ ಸೋಮವಾರ 11, ಬ್ಯಾಂಕ್ಸ್‌ನಲ್ಲಿ 10. ಆ ರಾತ್ರಿ ಬೆಳದಿಂಗಳಿತ್ತು ಅಂತ ಕುಕ್ ಬರೆದಿದ್ದಾನೆ. ಚಂದ್ರನ ಲೆಕ್ಕ ಹಾಕಿ ತಾರೀಖು ಹಿಡಿಯಬಹುದು ಅಂತ ಗುಂಪಿನ ಗೆಳೆಯನೊಬ್ಬ ಎರಡು ಸಂಜೆ ಕೂತ. ಹುಣ್ಣಿಮೆಯ ಆಚೀಚೆ ಮೂರ್ನಾಲ್ಕು ರಾತ್ರಿ ಬೆಳದಿಂಗಳೇ ಇರುವುದರಿಂದ 10ನ್ನೂ 11ನ್ನೂ ಚಂದ್ರ ಬೇರೆ ಮಾಡಿಕೊಡುವುದಿಲ್ಲ. ಹೊತ್ತು ರಾತ್ರಿಯದು, ಅಂದರೆ ಹಡಗಿನ ದಿನದ ಮೊದಲ ಅರ್ಧ. ಕುಕ್‌ನದಕ್ಕೆ ಒಂದು ಕಳೆದು ಒಂದು ಕೂಡಿಸಿ, ಬ್ಯಾಂಕ್ಸ್‌ನದಕ್ಕೆ ಒಂದು ಕೂಡಿಸಿ. ಎರಡೂ 11ಕ್ಕೆ ಬಂದು ನಿಲ್ಲುತ್ತವೆ.